ದೂರು ಹೇಳಿದ ಮೇಲೆ ಏನಾಗುತ್ತದೆ?

ಜಪಾನಿನ ಓತ್ಸು ನಗರದಲ್ಲಿ 2011ರ ಅಕ್ಟೋಬರ್‌ನಲ್ಲಿ 13 ವರ್ಷದ ಹುಡುಗನೊಬ್ಬ ತನ್ನ ಜೀವ ತಾನೇ ತೆಗೆದುಕೊಂಡ. ಸಹಪಾಠಿಗಳು ಅವನಿಗೆ ಕೊಡುತ್ತಿದ್ದ ಕಾಟ ಶಾಲೆಯಲ್ಲಿ ಗುಟ್ಟಾಗಿರಲಿಲ್ಲ. ಅವನು ಸಾಯುವ ಮುಂಚೆಯೇ ಕೆಲವು ಮಕ್ಕಳು ಶಿಕ್ಷಕರ ಬಳಿ ಹೋಗಿ ಹೇಳಿದ್ದರು. ಶಿಕ್ಷಕರು ಅದನ್ನು ಹುಡುಗರ ಜಗಳವೆಂದು ಭಾವಿಸಿದರು.

ಸಾವಿನ ನಂತರ ಶಾಲೆ ಮಕ್ಕಳಿಗೆ ಪ್ರಶ್ನಾವಳಿ ಕೊಟ್ಟಿತು. ಮಕ್ಕಳು ಕಂಡದ್ದನ್ನು, ಕೇಳಿದ್ದನ್ನು ಬರೆದರು. ಅದರಲ್ಲಿದ್ದ ಅತ್ಯಂತ ಗಂಭೀರ ಮಾತುಗಳನ್ನು ಶಿಕ್ಷಣ ಮಂಡಳಿ ಹೊರಗೆ ಬಿಡಲಿಲ್ಲ, ವಿಚಾರಣೆಯನ್ನೂ ಬೇಗ ಮುಗಿಸಿತು. 2012ರ ಜುಲೈನಲ್ಲಿ ಸುದ್ದಿ ಹೊರಬಿದ್ದಾಗ ಪೊಲೀಸರು ಶಾಲೆಯನ್ನೂ ಮಂಡಳಿಯ ಕಚೇರಿಯನ್ನೂ ಶೋಧಿಸಿದರು. ಸ್ವತಂತ್ರ ಸಮಿತಿಯೊಂದು 2013ರ ಜನವರಿಯಲ್ಲಿ, ಸಹಪಾಠಿಗಳ ಕಾಟವೇ ಸಾವಿಗೆ ನೇರ ಕಾರಣ ಎಂದು ವರದಿ ಕೊಟ್ಟಿತು. ಅದೇ ವರ್ಷ ಜಪಾನಿನ ಸಂಸತ್ತು ಶಾಲಾ ಪೀಡನೆ ತಡೆಗೆ ಪ್ರತ್ಯೇಕ ಕಾಯ್ದೆ ಮಾಡಿತು. ಆ ಕಾಯ್ದೆ ಮತ್ತು ಅದರ ಮಾರ್ಗಸೂಚಿಗಳನ್ನು ನಮ್ಮ ಶಾಲೆಗಳು ಓದಿನೋಡಬೇಕು. ಮಗು ಬಾಯಿಬಿಟ್ಟ ಮೇಲೆ ದೊಡ್ಡವರು ಏನು ಮಾಡಬೇಕು ಎಂಬ ಪ್ರಶ್ನೆಗೆ ಅವು ಬಿಡಿಬಿಡಿಯಾಗಿ ಉತ್ತರ ಕೊಡುತ್ತವೆ.

ಮೊದಲನೆಯದು ದೂರಿನ ದಾರಿ. ಓತ್ಸುವಿನಲ್ಲಿ ಮಕ್ಕಳು ಹೇಳಿದ್ದು ಹೇಳಿದ ಜಾಗದಲ್ಲೇ ನಿಂತುಹೋಯಿತು. ಹಾಗಾಗಿ ಕಾಯ್ದೆ ಶಿಕ್ಷಕರ ಮೇಲೆ ಒಂದು ಕಟ್ಟುಪಾಡು ಹಾಕಿತು: ಪೀಡನೆಯ ಸುಳಿವು ಸಿಕ್ಕರೆ ಅದನ್ನು ಶಾಲೆಗೆ ತಿಳಿಸಲೇಬೇಕು. ಪ್ರತಿ ಶಾಲೆಯಲ್ಲೂ ಹಲವು ಶಿಕ್ಷಕರು, ಮನಶ್ಶಾಸ್ತ್ರ ಅಥವಾ ಸಮಾಜಕಾರ್ಯ ಬಲ್ಲವರು ಇರುವ ಕಾಯಂ ತಂಡವೊಂದು ಇರಬೇಕು, ಮಾಹಿತಿ ಅಲ್ಲಿಗೆ ಬರಬೇಕು. ‘ನಾನೇ ಮಾತಾಡಿ ಸರಿಮಾಡುತ್ತೇನೆ’ ಎಂದು ಕ್ಲಾಸ್ ಟೀಚರ್ ಒಬ್ಬರೇ ವಿಷಯವನ್ನು ಇಟ್ಟುಕೊಂಡರೆ ಅದು ಕಾಯ್ದೆಯ ಉಲ್ಲಂಘನೆಯಾಗಬಹುದು ಎಂದು ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ಇದರಲ್ಲಿ ಶಿಕ್ಷಕರ ಮೇಲಿನ ಅಪನಂಬಿಕೆಯೇನೂ ಇಲ್ಲ. ಒಬ್ಬರಿಗೆ ಕಾಣುವುದು ಒಂದು ಏಟು ಮಾತ್ರ. ಆಟದ ಮೇಷ್ಟ್ರು, ಲೈಬ್ರರಿಯವರು, ಬಸ್ಸಿನ ಆಯಾ ಕಂಡದ್ದೆಲ್ಲ ಒಂದೆಡೆ ಸೇರಿದಾಗಲೇ ಅದು ದಿನದಿನದ ಕಾಟ ಎಂದು ಗೊತ್ತಾಗುವುದು.

ಮಕ್ಕಳು ತಾವಾಗಿ ಬಂದು ಹೇಳಲಿ ಎಂದು ಕಾಯುತ್ತಲೂ ಕೂರುವಂತಿಲ್ಲ. ಆಗಾಗ ಪ್ರಶ್ನಾವಳಿ ಕೊಟ್ಟು ಕೇಳುವುದನ್ನು ಜಪಾನಿನ ಕಾಯ್ದೆ ಶಾಲೆಯ ಕೆಲಸವನ್ನಾಗಿ ಮಾಡಿದೆ. ಇದರಲ್ಲೊಂದು ಸೂಕ್ಷ್ಮವಿದೆ. ತರಗತಿಯಲ್ಲಿ ಎಲ್ಲರೂ ‘ಇಲ್ಲ’ ಎಂದು ಗುರುತು ಹಾಕಿ ಪೆನ್ನು ಕೆಳಗಿಟ್ಟ ಮೇಲೂ ಒಬ್ಬಳೇ ಬರೆಯುತ್ತಿದ್ದರೆ, ಯಾರು ಏನು ಬರೆದರೆಂದು ಪಕ್ಕದ ಬೆಂಚಿಗೆ ಗೊತ್ತಾಗಿಬಿಡುತ್ತದೆ. ಎಲ್ಲರೂ ನಾಲ್ಕು ಸಾಲು ಬರೆಯಲೇಬೇಕಾದ ಪ್ರಶ್ನೆಯೊಂದನ್ನು ಸೇರಿಸಿದರೆ, ಇಲ್ಲವೇ ಹಾಳೆಯನ್ನು ಮನೆಗೆ ಕೊಟ್ಟು ಮಡಿಸಿ ತರಲು ಹೇಳಿದರೆ ಆ ಭಯ ಇರುವುದಿಲ್ಲ. ದೂರು ಪೆಟ್ಟಿಗೆಯನ್ನು ಹೆಡ್ಮಾಸ್ಟರ ಕೋಣೆಯ ಬಾಗಿಲಲ್ಲಿ ತೂಗುಹಾಕಿದ ಶಾಲೆಗಳಲ್ಲಿ ಅದು ಖಾಲಿಯಿದ್ದರೆ, ಅಲ್ಲಿ ತೊಂದರೆಯೇ ಇಲ್ಲವೆಂದು ತಿಳಿಯಬಾರದು. ಚೀಟಿ ಹಾಕುವ ಕೈ ಎಲ್ಲರಿಗೂ ಕಾಣುತ್ತದೆ, ಅಷ್ಟೆ.

ಇನ್ನು ಗೌಪ್ಯತೆ. ‘ಯಾರಿಗೂ ಹೇಳಬೇಡಿ ಮಿಸ್’ ಎಂದು ಮಗು ಅಳುತ್ತ ಕೇಳಿದಾಗ ‘ಆಯ್ತಮ್ಮ, ಹೇಳಲ್ಲ’ ಅನ್ನುವುದು ಸುಲಭ. ಆದರೆ ಆ ಮಾತು ಕೊಡಬಾರದು. ದೂರಿನಲ್ಲಿ ಲೈಂಗಿಕ ಕಿರುಕುಳದ ಅಂಶವಿದ್ದರೆ ಭಾರತದಲ್ಲಿ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿರುವುದೇ ಅಪರಾಧ. ಶಿಕ್ಷಕರು ಆಡಬಹುದಾದ ಪ್ರಾಮಾಣಿಕ ಮಾತು ಹೀಗಿರುತ್ತದೆ: ‘ನಿನ್ನನ್ನು ಕಾಪಾಡೋಕೆ ಯಾರಿಗೆ ಗೊತ್ತಾಗಬೇಕೋ ಅವರಿಗೆ ಮಾತ್ರ ಹೇಳ್ತೀನಿ. ಹೇಳೋ ಮುಂಚೆ ನಿನಗೆ ತಿಳಿಸ್ತೀನಿ.’ ಆಮೇಲೆ ಅದೇ ಮಾತಿಗೆ ನಿಲ್ಲಬೇಕು. ಸ್ಟಾಫ್ ರೂಮಿನ ಚಹಾದ ಹೊತ್ತಿನಲ್ಲಿ ಆ ಹೆಸರು ಹೊರಬಂದರೆ ಸಂಜೆಯೊಳಗೆ ತರಗತಿಗೆ ತಲುಪುತ್ತದೆ, ಮಗುವಿಗೆ ‘ಚಾಡಿಕೋರಿ’ ಎಂಬ ಹೊಸ ಕಾಟ ಶುರುವಾಗುತ್ತದೆ.

ಗೌಪ್ಯತೆಯ ಇನ್ನೊಂದು ಮುಖವನ್ನೂ ಓತ್ಸು ತೋರಿಸಿತು. ಪ್ರಶ್ನಾವಳಿಯ ಉತ್ತರಗಳನ್ನು ಕೇಳಿದ ತಂದೆಯಿಂದ, ಇದನ್ನು ಹೊರಗೆ ಹೇಳುವುದಿಲ್ಲವೆಂದು ಬರೆಸಿಕೊಳ್ಳಲಾಗಿತ್ತು. ಅವರು ನ್ಯಾಯಾಲಯಕ್ಕೆ ಹೋದರು. 2014ರಲ್ಲಿ ಓತ್ಸು ಜಿಲ್ಲಾ ನ್ಯಾಯಾಲಯ ನಗರಾಡಳಿತದ ನಡೆಯನ್ನು ತಪ್ಪೆಂದು ಹೇಳಿ, 3 ಲಕ್ಷ ಯೆನ್ ಪರಿಹಾರ ಕೊಡಲು ಆದೇಶಿಸಿತು. ಮಕ್ಕಳ ಹೆಸರು ಮುಚ್ಚಿಡುವುದು ಸರಿ. ನಡೆದದ್ದನ್ನೇ ಕುಟುಂಬದಿಂದ ಮುಚ್ಚಿಡುವುದು ಸಂಸ್ಥೆಯ ಮಾನ ಉಳಿಸಿಕೊಳ್ಳುವ ಉಪಾಯ. ಈ ಗೆರೆ ಎಲ್ಲಿದೆ ಎಂಬುದು ಶಾಲೆಯ ನೀತಿಯಲ್ಲಿ ಬರಹದಲ್ಲಿರಬೇಕು.

ಮನೆಯವರೊಂದಿಗಿನ ಮಾತುಕತೆಯೇ ಹೆಚ್ಚಾಗಿ ಕೆಡುವುದು. ಏಳನೇ ತರಗತಿಯ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳೋಣ. ಮೂವರು ಗೆಳತಿಯರು ಅವಳನ್ನು ಊಟಕ್ಕೆ ಸೇರಿಸಿಕೊಳ್ಳುವುದಿಲ್ಲ, ವಾಟ್ಸ್ಯಾಪ್ ಗುಂಪಿನಲ್ಲಿ ಅವಳ ಫೋಟೊ ಹಾಕಿ ಆಡಿಕೊಳ್ಳುತ್ತಾರೆ. ಸೋಮವಾರ ಅವಳು ಕನ್ನಡ ಮೇಡಂಗೆ ಹೇಳಿದಳು. ಮೇಡಂ ಅದನ್ನು ಅವಳ ಮಾತಿನಲ್ಲೇ ಬರೆದು, ದಿನಾಂಕ ಹಾಕಿ, ಅಂದೇ ತಂಡಕ್ಕೆ ಕೊಡಬೇಕು. ಅವಳ ಮನೆಗೆ ಅಂದೇ ಫೋನ್ ಹೋಗಬೇಕು, ಏಕೆಂದರೆ ಬೇರೆ ಮಕ್ಕಳ ಬಾಯಿಂದ ಸುದ್ದಿ ತಿಳಿದ ಅಪ್ಪ ಅಮ್ಮ ಶಾಲೆಯನ್ನು ಮತ್ತೆ ನಂಬುವುದಿಲ್ಲ. ಆ ಮೂವರನ್ನು ಒಟ್ಟಿಗೆ ಕೂರಿಸದೆ ಬೇರೆ ಬೇರೆ ಕೋಣೆಯಲ್ಲಿ ಒಂದೇ ಹೊತ್ತಿಗೆ ಕೇಳಬೇಕು. ಇಲ್ಲವಾದರೆ ಮೂವರೂ ಒಂದೇ ಕಥೆ ಹೇಳುತ್ತಾರೆ. ಅವರ ಮನೆಯವರನ್ನೂ ಒಂದೊಂದಾಗಿಯೇ ಕರೆಸಬೇಕು. ‘ನಿಮ್ಮ ಮಗಳು ಕೆಟ್ಟವಳು’ ಎಂದರೆ ಮಾತು ಅಲ್ಲಿಗೇ ಮುರಿದುಬೀಳುತ್ತದೆ. ‘ಇಂಥ ದಿನ ಈ ಫೋಟೊ ಹಾಕಿದ್ದಾಳೆ, ಇದು ನಿಲ್ಲಬೇಕು, ನಿಲ್ಲಿಸಲು ನಾವು ಹೀಗೆ ಮಾಡುತ್ತೇವೆ, ನೀವು ಮನೆಯಲ್ಲಿ ಫೋನ್ ನೋಡಿಕೊಳ್ಳಿ’ ಎಂದರೆ ಕೇಳಿಸಿಕೊಳ್ಳುವವರು ಹೆಚ್ಚು.

ಎರಡೂ ಮನೆಯವರನ್ನು ಎದುರುಬದುರು ಕೂರಿಸಿ ‘ಕೈ ಕುಲುಕಿ, ಸಾರಿ ಕೇಳಿ’ ಅನ್ನಿಸುವ ರೂಢಿ ನಮ್ಮಲ್ಲಿದೆ. ಸಮಬಲದ ಜಗಳಕ್ಕೆ ಅದು ಸಾಕಾಗಬಹುದು. ಮೂವರೆದುರು ಒಬ್ಬಳಿರುವಲ್ಲಿ ಆ ಸಾರಿ ಅವಳ ಬಾಯಿ ಮುಚ್ಚಿಸುತ್ತದೆ. ನೊಂದ ಮನೆಯವರಿಗೆ ಶಾಲೆ ಏನು ಕಂಡುಕೊಂಡಿತು, ಏನು ಮಾಡುತ್ತಿದೆ, ಮತ್ತೆ ಯಾವತ್ತು ಫೋನ್ ಮಾಡುತ್ತದೆ ಎಂಬ ಮೂರೂ ತಿಳಿಯಬೇಕು. ಇನ್ನೊಂದು ಮಗುವಿನ ಮನೆಯ ಕಷ್ಟ, ಅದಕ್ಕೆ ಸಿಗುತ್ತಿರುವ ಆಪ್ತಸಮಾಲೋಚನೆ ಇವರಿಗೆ ಹೇಳುವ ವಿಷಯವಲ್ಲ.

ಕಾಟ ನಿಂತಿತು ಎಂದು ಯಾವಾಗ ಹೇಳುವುದು? 2017ರಲ್ಲಿ ಪರಿಷ್ಕರಿಸಿದ ಜಪಾನಿನ ಮಾರ್ಗಸೂಚಿಯಲ್ಲಿ ಇದಕ್ಕೆ ಅಳತೆಯಿದೆ. ಪೀಡನೆ ನಿಂತು ಕನಿಷ್ಠ ಮೂರು ತಿಂಗಳು ಕಳೆದಿರಬೇಕು, ಜೊತೆಗೆ ಮಗು ಈಗ ನೋಯುತ್ತಿಲ್ಲ ಎಂಬುದನ್ನು ಮಗುವನ್ನೂ ಪೋಷಕರನ್ನೂ ಮಾತಾಡಿಸಿ ಖಚಿತಪಡಿಸಿಕೊಳ್ಳಬೇಕು. ಆಮೇಲಷ್ಟೇ ಕಡತ ಮುಚ್ಚುವುದು. ನಮ್ಮ ಹುಡುಗಿಯ ವಿಷಯದಲ್ಲಿ ಮರುವಾರ ಒಮ್ಮೆ, ತಿಂಗಳಿಗೊಮ್ಮೆ, ಮೂರು ತಿಂಗಳಾದ ಮೇಲೊಮ್ಮೆ ಅವಳನ್ನು ಒಂಟಿಯಾಗಿ ಕೇಳಬೇಕು: ಊಟಕ್ಕೆ ಯಾರ ಜೊತೆ ಕೂರುತ್ತೀಯ? ಹಾಜರಿ ಪುಸ್ತಕವನ್ನೂ ನೋಡಬೇಕು. ಸೋಮವಾರ ಸೋಮವಾರ ಹೊಟ್ಟೆನೋವೆಂದು ರಜೆ ಹಾಕುತ್ತಿದ್ದರೆ ಕಾಟ ರೂಪ ಬದಲಿಸಿದೆ ಎಂದೇ ಅರ್ಥ.

ಕಾಯ್ದೆ ಬಂದ ಮಾತ್ರಕ್ಕೆ ಎಲ್ಲ ಸರಿಹೋಗಲಿಲ್ಲ. 2021ರಲ್ಲಿ ಜಪಾನಿನ ಅಸಾಹಿಕಾವಾದಲ್ಲಿ 14 ವರ್ಷದ ಹುಡುಗಿಯೊಬ್ಬಳು ಸತ್ತಾಗ, ಶಾಲೆ ಅದಕ್ಕೂ ಮುಂಚೆ ನಡೆದದ್ದನ್ನು ಪೀಡನೆಯೆಂದು ಒಪ್ಪಿಯೇ ಇರಲಿಲ್ಲ ಎಂಬುದು ಬಯಲಾಯಿತು. ಪೀಡನೆ ಎಂದು ದಾಖಲಿಸುವುದೇ ಶಾಲೆಗೆ ಕಪ್ಪುಚುಕ್ಕೆ ಎಂದು ಎಣಿಸುವ ಕಡೆ ಯಾವ ನಿಯಮವೂ ಕೆಲಸ ಮಾಡದು.

ಸಿಬಿಎಸ್‌ಇ 2015ರಲ್ಲೇ ತನ್ನ ಶಾಲೆಗಳಿಗೆ ಪೀಡನೆ ತಡೆ ಸಮಿತಿ ರಚಿಸಲು ಸುತ್ತೋಲೆ ಕಳಿಸಿದೆ. ಸರ್ಕಾರಿ ಶಾಲೆಯಲ್ಲಿ ಎಸ್‌ಡಿಎಂಸಿ ಸಭೆಯಲ್ಲಿ ಪೋಷಕರು ಇದೇ ವಿಷಯ ಎತ್ತಬಹುದು. ಮುಂದಿನ ಪೋಷಕರ ಸಭೆಯಲ್ಲಿ ಅಂಕಪಟ್ಟಿಗೆ ಸಹಿ ಹಾಕುವ ಮುಂಚೆ ಕೇಳಿ: ದೂರು ಯಾರ ಕೈಗೆ ಹೋಗುತ್ತದೆ, ಮಗುವಿನ ಹೆಸರು ಯಾರ್ಯಾರಿಗೆ ತಿಳಿಯುತ್ತದೆ, ನಮಗೆ ಎರಡನೇ ಫೋನ್ ಯಾವಾಗ ಬರುತ್ತದೆ? ಶಾಲೆ ಕಿವಿಗೊಡದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಅದಕ್ಕೆ ಮಗುವೂ ಕರೆ ಮಾಡಬಹುದು, ದೊಡ್ಡವರೂ ಮಾಡಬಹುದು, ದುಡ್ಡು ಕೊಡಬೇಕಿಲ್ಲ.