ಉಪನ್ಯಾಸಕ್ಕೆ ಸಬ್‌ಟೈಟಲ್: ಸಮಯ ತಪ್ಪುವುದೆಲ್ಲಿ, ಸರಿಪಡಿಸುವುದು ಹೇಗೆ

1986ರಲ್ಲಿ ಸನ್ನತಿಯ ಕಾಳಿ ಗುಡಿಯ ಚಾವಣಿ ಕುಸಿದಾಗ ಅಶೋಕನ ಶಾಸನ ಸಿಕ್ಕಿತು. ಈ ಸಂಗತಿಯನ್ನು ಚಿತ್ತಾಪುರದ ಕಾಲೇಜೊಂದರಲ್ಲಿ ಮೇಷ್ಟ್ರೊಬ್ಬರು ಐವತ್ತು ನಿಮಿಷ ವಿವರಿಸಿದ್ದಾರೆ ಎಂದಿಟ್ಟುಕೊಳ್ಳೋಣ. ಆ ವಿಡಿಯೊಗೆ ಸಬ್‌ಟೈಟಲ್‌ನ ಕರಡು ಮಾಡಲು ಎರಡು ಆಜ್ಞೆ ಸಾಕು.

```
ffmpeg -i upanyasa.mp4 -ac 1 -ar 16000 upanyasa.wav
whisper upanyasa.wav --model large-v3 --language kn --output_format srt
```

ಎರಡನೆಯ ಸಾಲಿನ `kn` ಬಿಡಬೇಡಿ. ಅದಿಲ್ಲದಿದ್ದರೆ ವಿಸ್ಪರ್ ಮೊದಲ 30 ಸೆಕೆಂಡು ಕೇಳಿ ಭಾಷೆ ಯಾವುದೆಂದು ಊಹಿಸುತ್ತದೆ. ಸಭೆ ಇಂಗ್ಲಿಷ್ ಸ್ವಾಗತದಿಂದ ಶುರುವಾಗಿದ್ದರೆ ಆ ಊಹೆ ತಪ್ಪಬಹುದು.

ಕರಡು ಬಂದ ಮೇಲೆ ಮೊದಲು ಸಮಯ ನೋಡಿ, ಕಾಗುಣಿತ ಆಮೇಲೆ. ವಿಡಿಯೊದ ಆರಂಭದಲ್ಲೊಂದು, ಕೊನೆಯಲ್ಲೊಂದು ಸಾಲು ಆರಿಸಿಕೊಂಡು, ಆ ಮಾತು ನಿಜಕ್ಕೂ ಯಾವಾಗ ಕೇಳಿಸುತ್ತದೆಂದು ಬರೆದಿಟ್ಟುಕೊಳ್ಳಿ. ಫೈಲಿನಲ್ಲಿ 00:02:00 ಎಂದಿರುವ ಮಾತು 00:02:03ಕ್ಕೂ, 00:47:00 ಎಂದಿರುವುದು 00:47:03ಕ್ಕೂ ಕೇಳಿಸಿದರೆ ವ್ಯತ್ಯಾಸ ಉದ್ದಕ್ಕೂ ಒಂದೇ. ಧ್ವನಿ ತೆಗೆದ ಮೇಲೆ ವಿಡಿಯೊದ ಮುಂದೆ ಶೀರ್ಷಿಕೆಯ ತುಣುಕು ಸೇರಿಸಿದಾಗ ಹೀಗಾಗುತ್ತದೆ. ಎಲ್ಲ ಸಾಲಿಗೂ ಮೂರು ಸೆಕೆಂಡು ಕೂಡಿಸಿದರೆ ಮುಗಿಯಿತು.

ಆದರೆ ಕೊನೆಯ ಮಾತು 00:47:05,700ಕ್ಕೆ ಕೇಳಿಸಿದರೆ? 45 ನಿಮಿಷದಲ್ಲಿ ಇನ್ನೂ 2.7 ಸೆಕೆಂಡು ಹಿಂದೆ ಬಿದ್ದಿದೆ, ಅಂದರೆ ಸಾವಿರಕ್ಕೆ ಒಂದು ಪಾಲು. ಧ್ವನಿ ಸೆಕೆಂಡಿಗೆ 30 ಫ್ರೇಮಿನ ಪ್ರತಿಯದು, ವಿಡಿಯೊ ಅದನ್ನೇ 29.97ಕ್ಕೆ ನಿಧಾನಿಸಿದ ಪ್ರತಿ ಎಂಬುದರ ಗುರುತು ಇದು. ಇಲ್ಲಿ ಬರೀ ಕೂಡಿಸಿದರೆ ಒಂದು ತುದಿ ಸರಿಹೋಗಿ ಇನ್ನೊಂದು ತುದಿ ತಪ್ಪುತ್ತದೆ. ಎರಡನೆಯ ನಿಮಿಷದಿಂದ ಕಳೆದ ಸಮಯವನ್ನು 1.001ರಿಂದ ಗುಣಿಸಿ, 00:02:03ಕ್ಕೆ ಸೇರಿಸಬೇಕು. ನಡುವಿನ ಒಂದು ಸಾಲು ಹೀಗಿತ್ತು:

```
214
00:24:30,000 --> 00:24:33,500
ಶಾಸನದ ಕಲ್ಲು ಗುಡಿಯೊಳಗೇ ಇತ್ತು.
```

ತಿದ್ದಿದ ಮೇಲೆ ಸಮಯ ಹೀಗಾಗುತ್ತದೆ:

```
00:24:34,350 --> 00:24:37,854
```

ಲೆಕ್ಕ ಕೈಯಲ್ಲಿ ಮಾಡಬೇಕಿಲ್ಲ. Subtitle Edit ಎಂಬ ಉಚಿತ ತಂತ್ರಾಂಶದ `Point sync` ಕಿಟಕಿಯಲ್ಲಿ ಎರಡು ಸಾಲುಗಳ ಸರಿಯಾದ ಸಮಯ ಕೊಟ್ಟರೆ ಉಳಿದವನ್ನು ಅದೇ ಹೊಂದಿಸುತ್ತದೆ. ನಡುವಿನ ಸಾಲೊಂದನ್ನು ಮಾತ್ರ ಕೇಳಿ ಪರೀಕ್ಷಿಸಿ. ಎರಡು ತುದಿ ಸರಿಯಿದ್ದೂ ನಡು ತಪ್ಪಿದ್ದರೆ ವಿಡಿಯೊದ ಮಧ್ಯದಲ್ಲಿ ಎಲ್ಲೋ ಒಂದು ತುಣುಕು ಕತ್ತರಿಸಿದ್ದಾರೆಂದರ್ಥ. ಆಗ ಆ ಜಾಗದಿಂದ ಮುಂದಿನದನ್ನು ಬೇರೆಯಾಗಿ ಸರಿಸಬೇಕು.

ಇನ್ನೊಂದು ಬಗೆಯ ತಪ್ಪು ಲೆಕ್ಕಕ್ಕೆ ಸಿಗದು. ಮೇಷ್ಟ್ರು ಸ್ಲೈಡ್ ಬದಲಿಸಲು ಸುಮ್ಮನಾದಾಗ, ಚಪ್ಪಾಳೆ ಬಿದ್ದಾಗ, ವಿಸ್ಪರ್ ಯಾರೂ ಆಡದ ಮಾತನ್ನು ಬರೆಯಬಹುದು, ಒಂದೇ ಸಾಲನ್ನು ಮತ್ತೆ ಮತ್ತೆ ಹಾಕಬಹುದು, ಮುಂದಿನ ಮಾತನ್ನು ಮೌನದಲ್ಲೇ ತೋರಿಸಬಹುದು. ಹತ್ತಾರು ಸೆಕೆಂಡು ಪರದೆಯಲ್ಲಿ ನಿಂತ ಚಿಕ್ಕ ಸಾಲು, ಸಾಲಾಗಿ ಮರುಕಳಿಸಿದ ವಾಕ್ಯ ಕಂಡರೆ ಅಲ್ಲಿ ನಿಂತು ಕೇಳಿ. ಇಲ್ಲದ ಮಾತನ್ನು ಅಳಿಸಿ, ಇರುವುದರ ಆರಂಭವನ್ನು ಧ್ವನಿಯ ಅಲೆ ಏಳುವ ಕಡೆಗೆ ಎಳೆಯಿರಿ.

ಪದಗಳನ್ನು ತಿದ್ದುವುದು ಇದಾದ ಮೇಲೆ. ಸನ್ನತಿ, ಕನಗನಹಳ್ಳಿ, ನಾಗಾವಿಯಂಥ ಹೆಸರುಗಳನ್ನೂ, ಸೇಡಂ-ಚಿಂಚೋಳಿ ಕಡೆಯ 'ಅದ', 'ಹೋಗ್ಯಾರ'ದಂಥ ಆಡುಮಾತನ್ನೂ ಆ ಊರಿನ ಕಿವಿಯಿರುವವರೇ ನೋಡಬೇಕು. ಸಮಯ ಕೂಡಿಬಂದಿದ್ದರೆ ಅವರು ವಿಡಿಯೊ ಓಡಿಸುತ್ತಲೇ ತಿದ್ದುತ್ತಾ ಹೋಗಬಹುದು.