ನೂರಕ್ಕೆ ಐದು ಅಂದ್ರೆ ಯಾವುದರಲ್ಲಿ ಐದು?

‘ಹೆಚ್ಚುಕಮ್ಮಿ’ ಅನ್ನೋ ನಮ್ಮ ಮಾತಿಗೆ ಗಡಿ ಇಲ್ಲ. ಕಾರ್ಖಾನೆಯ ಮಾಲಿಗೆ ಮಾತ್ರ ಆ ಗಡಿ ಬರಹದಲ್ಲಿರುತ್ತದೆ. ಅದನ್ನು ಟಾಲರೆನ್ಸ್ ಅನ್ನುತ್ತಾರೆ. ಆ ಗಡಿಯನ್ನು ಓದುವುದು ಹೇಗೆ ಅನ್ನೋದನ್ನು ಒಂದು ಪ್ರಸಂಗದಿಂದ ಹೇಳುತ್ತೇನೆ.

ಆದೋನಿ ಸೀಮೆಯ ನಮ್ಮ ಮಾಧವರಂನಲ್ಲಿ ಮನೆಯ ಸ್ಲ್ಯಾಬಿಗೆ 12 ಮಿ.ಮೀ. ಕಂಬಿ ಇಳಿಸಿದ್ದೆವು. ಮೇಸ್ತ್ರಿ ವರ್ನಿಯರ್ ಹಿಡಿದು ಕಂಬಿಯ ಏಣುಗಳ ನಡುವೆ ಅಳೆದರು. 11.5 ಬಂತು. “ನೂರಕ್ಕೆ ನಾಲ್ಕು ಕಮ್ಮಿ. ಐದರ ಒಳಗೇ ಐತಿ, ನಡೀತೈತಿ ಬಿಡ್ರಿ” ಅಂದರು ಅಪ್ಪನಿಗೆ.

ಲೆಕ್ಕ ತಪ್ಪಿದ್ದು ಇಲ್ಲೇ. ಭಾರತೀಯ ಮಾನಕ ಐಎಸ್ 1786 ಈ ಗಾತ್ರದ ಕಂಬಿಗೆ ಕೊಡುವ ಶೇ. 5 ವ್ಯಾಸದ ಮೇಲಲ್ಲ, ಮೀಟರಿನ ತೂಕದ ಮೇಲೆ. ತೂಕ ವ್ಯಾಸದ ವರ್ಗದ ಜೊತೆ ಹೋಗುತ್ತದೆ. ನುಣುಪಾದ ಕಂಬಿಯಲ್ಲಿ ವ್ಯಾಸ ಶೇ. 4ರಷ್ಟು ಇಳಿದರೆ ತೂಕ ಹತ್ತಿರಹತ್ತಿರ ಶೇ. 8ರಷ್ಟು ಇಳಿಯುತ್ತದೆ. ಆದರೆ ಇದು ಏಣು ಇರುವ ಕಂಬಿ. ಆ ಏಣಿನಲ್ಲೂ ಉಕ್ಕಿದೆ. ಹಾಗಾಗಿ ವರ್ನಿಯರಿನ ಒಂದು ಅಂಕಿಯಿಂದ ಪಾಸೂ ಮಾಡಲಾಗದು, ಫೇಲೂ ಮಾಡಲಾಗದು. ತೂಗಲೇಬೇಕು.

12 ಮಿ.ಮೀ. ಕಂಬಿಯ ಒಂದು ಮೀಟರ್ 888 ಗ್ರಾಂ ಇರಬೇಕು. ಶೇಕಡಾವನ್ನು ಈ 888ರಲ್ಲೇ ತೆಗೆಯಬೇಕು, ನಮಗೆ ಬಂದ ತೂಕದಲ್ಲಲ್ಲ. ಇದರ ಶೇ. 5 ಅಂದ್ರೆ 44.4. ಕಳೆದರೆ ಕೆಳಗಡಿ 843.6 ಗ್ರಾಂ. ಇದು ಒಟ್ಟು ಮಾಲಿನ ಸರಾಸರಿಗೆ. ಬಿಡಿ ತುಂಡಿಗೆ ಇನ್ನೊಂದಿಷ್ಟು ಸಡಿಲ: ಶೇ. 6ರವರೆಗೆ ಇಳಿಯಬಹುದು, ಅಂದರೆ 834.7 ಗ್ರಾಂ.

ಬೇರೆಬೇರೆ ಕಟ್ಟುಗಳಿಂದ ಸರಿಯಾಗಿ ಒಂದೊಂದು ಮೀಟರ್ ಕತ್ತರಿಸಿ, ತುಕ್ಕು ಮಣ್ಣು ಒರೆಸಿ ತೂಗಿದೆವು. 838, 846, 841 ಗ್ರಾಂ ಬಂದವು. “ಮೂರೂ ಪಾಸಾಗ್ಯಾವಲ್ಲ?” ಅಂದ ಅಂಗಡಿಯವನು. ಬಿಡಿಯಾಗಿ ನೋಡಿದರೆ ಹೌದು. ಸರಾಸರಿ ಮಾತ್ರ 841.7, ಗಡಿಗಿಂತ ಎರಡು ಗ್ರಾಂ ಕೆಳಗೆ. ಒಂದು ತುಂಡು ತೆಳುವಾಗುವುದು ಆಕಸ್ಮಿಕ ಇರಬಹುದು. ಇಡೀ ಲೋಡು ಒಂದೇ ಕಡೆ ವಾಲಿದ್ದರೆ ಅದು ಆಕಸ್ಮಿಕವಲ್ಲ. ಎರಡು ಗಡಿ ಇಟ್ಟಿರುವುದು ಇದಕ್ಕೇ.

ಎರಡು ಗ್ರಾಮಿನ ಜಗಳಕ್ಕೆ ತಕ್ಕಡಿಯೂ ತಕ್ಕದ್ದಿರಬೇಕು. ಹತ್ತು ಗ್ರಾಮಿಗೊಮ್ಮೆ ಅಂಕಿ ಬದಲಾಗುವ ಕಿರಾಣಿ ತಕ್ಕಡಿ ಈ ಮೂರನ್ನೂ 840, 850, 840 ಎಂದು ತೋರಿಸುತ್ತಿತ್ತು. ಆಗ ಸರಾಸರಿ 843.3, ಗಡಿಗೆ ಅಂಟಿಕೊಂಡ ಆ ಅಂಕಿಯನ್ನು ನಂಬಿ ಏನೂ ಹೇಳಲಾಗದು. ನಾವು ತೂಗಿದ್ದು ಒಂದು ಗ್ರಾಂ ತೋರಿಸುವ ತಕ್ಕಡಿಯಲ್ಲಿ. ಉದ್ದವೂ ಹಾಗೇ: ಕತ್ತರಿಸುವಾಗ 3 ಮಿ.ಮೀ. ಕಮ್ಮಿಯಾದರೆ ಎರಡೂವರೆ ಗ್ರಾಂ ಹೋಯಿತು, ನಮ್ಮ ಜಗಳವೇ ಅಷ್ಟು. ಅದಕ್ಕೇ ಮೂರು ತುಂಡಿಗೆ ನಿಲ್ಲದೆ, ಅಂಗಡಿಯವನ ಎದುರಲ್ಲೇ ಉದ್ದ ಅಳೆದು ಇನ್ನೂ ಆರು ತುಂಡು ತೂಗಿದೆವು. ಸರಾಸರಿ 843.6ನ್ನು ಮುಟ್ಟಲಿಲ್ಲ. ಕಂಬಿ ಬಗ್ಗಿಸುವ ಮೊದಲೇ ಲೋಡು ವಾಪಸ್ ಹೋಯಿತು.