ಆಡಿಟರ್ ಹೇಳಿದ ‘ಆಗಬಹುದು’

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಿಲ್ಡಿಂಗ್ ಸೊಸೈಟಿ ಹಿರಿಯರಿಗೆ ಸ್ಥಿರ ಬಡ್ಡಿಯಲ್ಲಿ ದೀರ್ಘಾವಧಿ ಸಾಲ ಕೊಡುತ್ತಿತ್ತು. ಮುಂದೆ ಬಡ್ಡಿ ಏರಿದರೆ ನಷ್ಟವಾಗದಿರಲೆಂದು ‘ಸ್ವಾಪ್’ ಎಂಬ ಒಪ್ಪಂದಗಳನ್ನು ಮಾಡಿಕೊಂಡಿತು. ಅವುಗಳ ಬೆಲೆಯ ಏರಿಳಿತ ಲೆಕ್ಕಪತ್ರವನ್ನು ಅಲ್ಲಾಡಿಸದಂತೆ ಸಾಲದ ಜೊತೆ ಸರಿದೂಗಿಸಿ ತೋರಿಸಬಹುದೇ? 2006ರಲ್ಲಿ ಆಡಿಟರುಗಳಾದ ಗ್ರಾಂಟ್ ಥಾರ್ನ್‌ಟನ್ ‘ಆಗಬಹುದು’ ಎಂದರು. ಅದು ತಪ್ಪು ಸಲಹೆ.

2008ರ ನಂತರ ಬಡ್ಡಿ ಕುಸಿಯಿತು, ಸ್ವಾಪ್‌ಗಳ ಬೆಲೆಯೂ ಬಿತ್ತು. ಲೆಕ್ಕದಲ್ಲಿ ಮಾತ್ರ ಎಲ್ಲ ನೆಟ್ಟಗೆ ಕಾಣುತ್ತಿತ್ತು. 2013ರಲ್ಲಿ ತಪ್ಪು ಹೊರಬಿದ್ದಾಗ, ನಿಯಮದಂತೆ ಇರಬೇಕಾದಷ್ಟು ಬಂಡವಾಳ ಸೊಸೈಟಿಯ ಬಳಿ ಇರಲಿಲ್ಲ. ಸ್ವಾಪ್‌ಗಳನ್ನು ಕೈಬಿಡಲು ಸುಮಾರು 3.27 ಕೋಟಿ ಪೌಂಡ್ ತೆರಬೇಕಾಯಿತು.

‘ನಷ್ಟ ಮಾರುಕಟ್ಟೆಯದು, ನಾವು ಹೇಳಿದ್ದು ಲೆಕ್ಕ ಬರೆಯುವ ರೀತಿಯನ್ನಷ್ಟೆ’ ಎಂಬುದು ಆಡಿಟರುಗಳ ವಾದ. ಜಾಣ ವಾದವೇ, ಕೆಳಗಿನ ಎರಡು ನ್ಯಾಯಾಲಯಗಳಲ್ಲಿ ಗೆದ್ದೂ ಇತ್ತು. ಆದರೆ 2021ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಕೇಳಿದ್ದು ಬೇರೆಯದೇ ಪ್ರಶ್ನೆ: ಆ ಸಲಹೆ ಕೇಳಿದ್ದು ಯಾತಕ್ಕೆ? ಬಂಡವಾಳ ಸಾಲುವುದೇ, ಈ ವ್ಯವಹಾರಕ್ಕೆ ಕೈಹಾಕಬಹುದೇ ಎಂದು ತಿಳಿಯಲು. ಯಾವ ಅಪಾಯದಿಂದ ಕಾಯಬೇಕಿತ್ತೋ ಅದೇ ಬಂದೆರಗಿದ್ದರಿಂದ ಆಡಿಟರುಗಳು ಹೊಣೆಯಾದರು.

ಪೂರ್ತಿ ಅಲ್ಲ. ಅಗತ್ಯ ಮೀರಿ ದೀರ್ಘಾವಧಿಯ ಸ್ವಾಪ್ ಕೊಂಡದ್ದು ಸೊಸೈಟಿಯದೇ ತಪ್ಪೆಂದು ಪರಿಹಾರದಲ್ಲಿ ಅರ್ಧ ಕಡಿತವಾಯಿತು.

ನೀವೂ ಆಡಿಟರ್ ಅಥವಾ ಎಂಜಿನಿಯರ್ ಬಳಿ ಸಲಹೆ ಕೇಳುವಾಗ, ಅದು ಯಾತಕ್ಕೆ ಬೇಕೆಂಬುದನ್ನು ಒಂದು ಸಾಲಿನಲ್ಲಾದರೂ ಬರೆದು ಕೊಡಿ.